ಮಧ್ಯರಾತ್ರಿಯ ಸ್ನಾನವನ್ನು ಬಿಡುವುದು ಹೇಗೆ? ಗಂಡನದು ತಪ್ಪಿಲ್ಲ, ತೊಂದರೆ ನನ್ನೊಳಗೇ ಇದೆ

ಕಲ್ಸಂಕದ ಗುಬ್ಬಚ್ಚಿ

ಇದನ್ನು ಬರೆಯಲೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ಹೆಸರು ಹೇಳಬೇಕಾಗಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನನಗೆ 29 ವರ್ಷ. ಮದುವೆಯಾಗಿ 11 ತಿಂಗಳಾಯಿತು. ಬೆಳೆದದ್ದು ಉಡುಪಿಯ ಹತ್ತಿರದ ಒಂದು ಮಡಿ ಮನೆಯಲ್ಲಿ, ಅಜ್ಜಿಯ ಜೊತೆಗೆ. ಮುಟ್ಟಾದ ಮೂರು ದಿನ ಹಿಂದಿನ ಜಗಲಿ, ಬೇರೆ ತಟ್ಟೆ, ಬೇರೆ ಚಾಪೆ. ನಾಲ್ಕನೆಯ ದಿನ ತಲೆಗೆ ಸ್ನಾನ ಮಾಡಿ ಒಳಗೆ ಬಂದರೆ ಮತ್ತೆ ಎಲ್ಲರಂತೆ.

ನನಗೆ ಆಸೆ ಇಲ್ಲವೆಂದು ಯಾರೂ ತಿಳಿಯಬೇಡಿ. ಇದೆ, ಅದೇ ತೊಂದರೆ. ಗಂಡ ಒಳ್ಳೆಯವರು, ಒತ್ತಾಯ ಮಾಡುವವರಲ್ಲ. ಆ ಹೊತ್ತಿನಲ್ಲಿ ಎಲ್ಲ ಚೆನ್ನಾಗಿಯೇ ಇರುತ್ತದೆ. ಮುಗಿದು ಎರಡು ನಿಮಿಷವಾಗುವುದರೊಳಗೆ ಎದೆಯಲ್ಲಿ ಏನೋ ಕುಸಿದಂತಾಗುತ್ತದೆ. ಎದ್ದು ಬಚ್ಚಲಿಗೆ ಓಡುತ್ತೇನೆ. ತಲೆಗೂ ನೀರು ಹಾಕಿಕೊಂಡು, ನಂಜುನಾಶಕ ದ್ರಾವಣ ಬೆರೆಸಿದ ನೀರಿನಿಂದ ತೊಳೆದುಕೊಂಡು, ಮನಸ್ಸಿನಲ್ಲಿ ಸ್ತೋತ್ರ ಹೇಳಿಕೊಂಡು ಹೊರಗೆ ಬರಲು 40 ನಿಮಿಷ ಬೇಕು. ಆಮೇಲೂ ಹಾಸಿಗೆಗೆ ಬರಲು ಮನಸ್ಸಾಗುವುದಿಲ್ಲ. ಹಾಸಿಗೆಯ ಬಟ್ಟೆ ಬದಲಿಸುವುದನ್ನೂ ಈಗ ಶುರು ಮಾಡಿದ್ದೇನೆ. ಕಳೆದ ವಾರ ಮಾವ ತಿಂಡಿಯ ಹೊತ್ತಿಗೆ, "ರಾತ್ರಿ ಒಂದು ಗಂಟೆಗೆ ಪಂಪ್ ಹಾಕಿದ್ದು ಯಾರು?" ಎಂದು ಕೇಳಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎರಡು ತಿಂಗಳಿಂದ ನಿದ್ದೆ ಬಂದವಳಂತೆ ನಟಿಸುತ್ತಿದ್ದೇನೆ. ಮೊನ್ನೆ ಅವರು, "ನನ್ನಿಂದ ಏನಾದರೂ ತಪ್ಪಾಯಿತೇ?" ಎಂದು ಕೇಳಿದರು. ಉತ್ತರ ಕೊಡಲಾಗಲಿಲ್ಲ.

ಎರಡು ವಿನಂತಿ. ದೇವರನ್ನು ಬಿಡು ಎಂದು ಹೇಳಬೇಡಿ, ಬಿಡುವುದಿಲ್ಲ. ಇದೆಲ್ಲ ಸಹಜ ಎಂದೂ ಹೇಳಬೇಡಿ. ಅದು ನನಗೂ ಗೊತ್ತು, ಮೈಗೆ ಗೊತ್ತಿಲ್ಲ.

ಬಜ್ಪೆ ಬಸ್ಸು

ಮಾವನಿಗೆ ಹೇಳಿ, ಟ್ಯಾಂಕ್ ಸೋರುತ್ತಿದೆ ಎಂದು. ತಮಾಷೆಗೆ ಹೇಳಿದೆ, ಬೇಸರ ಮಾಡಿಕೊಳ್ಳಬೇಡಿ. ಬರೆದದ್ದು ಒಳ್ಳೆಯದಾಯಿತು.

ಚಾರ್ವಾಕ 77

ದೇವರ ವಿಷಯ ಹೇಳಬೇಡಿ ಎಂದರೂ ಹೇಳುತ್ತೇನೆ, ಮೂಲ ಅಲ್ಲಿಯೇ ಇದೆ. ಅದಕ್ಕಿಂತ ಮುಖ್ಯವಾಗಿ, ಈ ನಾಚಿಕೆ ನಮ್ಮದೇ ಅಲ್ಲ. ದೇವಸ್ಥಾನದ ಗೋಡೆಯ ಮೇಲೆ ಮಿಥುನ ಶಿಲ್ಪ ಕೆತ್ತಿದ ಜನ ನಾವು. ಬ್ರಿಟಿಷರು ಬಂದರು, ಅವರ ವಿಕ್ಟೋರಿಯಾ ಕಾಲದ ಮಡಿವಂತಿಕೆಯನ್ನು ನಮಗೆ ಅಂಟಿಸಿ ಹೋದರು. 1860ರ ದಂಡಸಂಹಿತೆಯಲ್ಲಿ ಅಸ್ವಾಭಾವಿಕ ಸಂಭೋಗ ಅಪರಾಧ ಎನ್ನುವ 377ನೆಯ ಕಲಮು ಬರೆದವರು ಯಾರು? ಅವರೇ. ನಿಮ್ಮ ಅಜ್ಜಿ ಅರಿಯದೆ ವಿಕ್ಟೋರಿಯಾ ರಾಣಿಯ ಮಾತನ್ನು ಹೇಳುತ್ತಿದ್ದರು.

ನಿವೃತ್ತ ಮೇಷ್ಟ್ರು, ಮೂಲ್ಕಿ

ಚಾರ್ವಾಕರೇ, ಅರ್ಧ ಒಪ್ಪುತ್ತೇನೆ. ಕಲಮು ಅವರದೇ. ಆದರೆ ಮುಟ್ಟಿನ ಮೂರು ದಿನದ ಜಗಲಿ ಲಂಡನ್ನಿನಿಂದ ಬಂದದ್ದಲ್ಲ. ಅದು ಧರ್ಮಶಾಸ್ತ್ರಗಳಲ್ಲಿಯೇ ಇದೆ, ಬ್ರಿಟಿಷರಿಗಿಂತ ಬಹಳ ಹಿಂದಿನದು. ಎಲ್ಲ ಕೊಳೆಯನ್ನೂ ಪರರ ಅಂಗಳಕ್ಕೆ ಗುಡಿಸುವುದು ಸುಲಭ.

ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಒಂದು ಶ್ಲೋಕವಿದೆ. ಮಾಂಸ ತಿನ್ನುವುದರಲ್ಲಿ, ಮದ್ಯದಲ್ಲಿ, ಮೈಥುನದಲ್ಲಿ ದೋಷವಿಲ್ಲ, "ಪ್ರವೃತ್ತಿರೇಷಾ ಭೂತಾನಾಂ ನಿವೃತ್ತಿಸ್ತು ಮಹಾಫಲಾ" ಎನ್ನುತ್ತದೆ. ಅದು ಜೀವಿಗಳ ಪ್ರವೃತ್ತಿ, ಆದರೆ ಬಿಟ್ಟರೆ ದೊಡ್ಡ ಫಲ ಎಂದು ಅರ್ಥ. ಈ ಮಗುವಿನ ಕಷ್ಟವೆಲ್ಲ ಆ ಒಂದು ಸಾಲಿನಲ್ಲಿದೆ. ಮೊದಲ ಅರ್ಧವನ್ನು ಯಾರೂ ಮನೆಯಲ್ಲಿ ಹೇಳಿಕೊಡುವುದಿಲ್ಲ, ಎರಡನೆಯ ಅರ್ಧ ಮಾತ್ರ ಜಗಲಿಯಿಂದ ಅಡುಗೆಮನೆಯವರೆಗೆ ಓಡಾಡುತ್ತದೆ.

ಮಗಳೇ, ಹದಿನಾರು ಸಂಸ್ಕಾರಗಳಲ್ಲಿ ಮೊದಲನೆಯದೇ ಗರ್ಭಾಧಾನ. ಗೀತೆಯ ಏಳನೆಯ ಅಧ್ಯಾಯದಲ್ಲಿ, ಧರ್ಮಕ್ಕೆ ವಿರುದ್ಧವಲ್ಲದ ಕಾಮ ನಾನೇ ಎಂದು ಕೃಷ್ಣನೇ ಹೇಳುತ್ತಾನೆ. ಕೃಷ್ಣನ ಊರಿನಲ್ಲಿ ಹುಟ್ಟಿದವಳು ನೀನು, ಇಷ್ಟು ಹೆದರಬಾರದು. ಆದರೆ ಸ್ನಾನ ಬಿಡಬೇಡ, ಅದು ನಿಯಮ.

ಕಾಪು ದೀಪಸ್ತಂಭ

ಗುಬ್ಬಚ್ಚಿ, ನಾನು 16 ವರ್ಷ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದವಳು. ಏನನ್ನೂ ಹೇಳುವ ಮೊದಲು ನಾಲ್ಕು ಪ್ರಶ್ನೆ. ಕೂಡುವಾಗ ನೋವಾಗುತ್ತದೆಯೇ? ಚಿಕ್ಕಂದಿನಲ್ಲಿ ಯಾರಾದರೂ ಕೆಟ್ಟದಾಗಿ ಮುಟ್ಟಿದ್ದುಂಟೇ? (ಇದಕ್ಕೆ ಇಲ್ಲಿ ಉತ್ತರ ಬೇಡ, ನಿಮಗೆ ಗೊತ್ತಿದ್ದರೆ ಸಾಕು. ಇದ್ದರೆ ಇಲ್ಲಿ ಬರೆಯುವ ಯಾವುದನ್ನೂ ಒಬ್ಬರೇ ಮಾಡಲು ಹೋಗಬೇಡಿ, ಎದುರು ಕುಳಿತು ಮಾತಾಡುವ ಒಬ್ಬರು ಬೇಕು.) ತೊಳೆಯುವುದು ಈ ಒಂದು ವಿಷಯಕ್ಕೆ ಮಾತ್ರವೋ, ಬಾಗಿಲ ಹಿಡಿ, ಪಾತ್ರೆ, ದುಡ್ಡು ಮುಟ್ಟಿದಾಗಲೂ ಉಂಟೋ? ಆ ದ್ರಾವಣದಿಂದ ಉರಿ, ತುರಿಕೆ ಇದೆಯೇ?

ಕುಂದಾಪುರದ ಕೋಳಿಪಡೆ

ಆಸೆ ಕಡಿಮೆಯಾಗುವುದಕ್ಕೆ ಧಾತು ದೌರ್ಬಲ್ಯ ಕಾರಣ. ಗಂಡನಿಗೂ ಇರಬಹುದು. ನಾನು ಒಂದು ಲೇಹ್ಯ ತರಿಸುತ್ತೇನೆ, ಡಬ್ಬಿಗೆ 2,400 ರೂಪಾಯಿ. ಬೇಕಾದರೆ ವಿಳಾಸ ಕೊಡುತ್ತೇನೆ.

ಎರಡು ಮಕ್ಕಳ ಅಮ್ಮ

ಕೋಳಿಪಡೆ ಅಣ್ಣ, ಅವಳು ಬರೆದದ್ದನ್ನು ಓದಿದ್ದೀರಾ? ಆಸೆ ಇದೆ, ಅದೇ ತೊಂದರೆ ಎಂದಿದ್ದಾಳೆ.

ಕಲ್ಸಂಕದ ಗುಬ್ಬಚ್ಚಿ

ದೀಪಸ್ತಂಭ ಅಕ್ಕ, ನೋವಿಲ್ಲ. ಎರಡನೆಯದು ಇಲ್ಲ. ತೊಳೆಯುವುದು ಇದಕ್ಕೆ ಮಾತ್ರ, ಹಾಸಿಗೆ ಬಟ್ಟೆ ಬಿಟ್ಟರೆ. ಉರಿ ಇದೆ. ಬಿಳಿ ಸೆರಗು ಹೆಚ್ಚಾಗಿದೆ, ಸ್ವಲ್ಪ ವಾಸನೆಯೂ ಇದೆ. ಅದಕ್ಕೇ ಇನ್ನೂ ಹೆಚ್ಚು ತೊಳೆಯುತ್ತೇನೆ.

ಕಾಪು ದೀಪಸ್ತಂಭ

ಅಲ್ಲಿಗೆ ಒಂದು ಗಂಟು ಸಿಕ್ಕಿತು. ಮೊದಲು ಅದನ್ನೇ ಬಿಡಿಸೋಣ.

ಯೋನಿಯ ಒಳಭಾಗಕ್ಕೆ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುವ ವ್ಯವಸ್ಥೆ ಇದೆ. ಅಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಆಮ್ಲ ಮಾಡುತ್ತಿರುತ್ತವೆ, ಮೊಸರು ಹುಳಿಯಾಗುತ್ತದಲ್ಲ, ಅದೇ ಜಾತಿಯವು. ಆ ಆಮ್ಲ ಇರುವವರೆಗೆ ಕೆಟ್ಟವು ತಲೆ ಎತ್ತುವುದಿಲ್ಲ. ನೀವು ನಂಜುನಾಶಕ ಹಾಕಿದಾಗ ಮೊದಲು ಸಾಯುವುದು ಈ ಕಾವಲುಗಾರರೇ. ಆಗ ಬೇರೆಯವು ಬೆಳೆಯುತ್ತವೆ, ಸ್ರಾವ ಹೆಚ್ಚುತ್ತದೆ, ವಾಸನೆ ಬರುತ್ತದೆ. ನಿಮ್ಮ ಮನಸ್ಸು ತಕ್ಷಣ, "ನೋಡು, ಕೊಳೆ ಇದೆ ಎಂದು ನಾನು ಹೇಳಲಿಲ್ಲವೇ?" ಎನ್ನುತ್ತದೆ. ನೀವು ಮತ್ತೆ ತೊಳೆಯುತ್ತೀರಿ. ಕೊಳೆ ಇದೆ ಎಂಬುದಕ್ಕೆ ಸಾಕ್ಷಿಯನ್ನು ನೀವೇ ಪ್ರತಿ ರಾತ್ರಿ ತಯಾರಿಸುತ್ತಿದ್ದೀರಿ.

ಆ ಬಾಟಲಿಯನ್ನು ಇವತ್ತೇ ಬಚ್ಚಲಿನಿಂದ ತೆಗೆಯಿರಿ. ಈಗಿರುವ ಉರಿ, ವಾಸನೆಗೆ ಸ್ತ್ರೀರೋಗ ತಜ್ಞೆಯನ್ನು ಒಮ್ಮೆ ನೋಡಿ. ಸೋಂಕಾಗಿದ್ದರೆ ಅದಕ್ಕೆ ಔಷಧಿ ಬೇಕು, ಧೈರ್ಯದ ಮಾತಿನಿಂದ ಅದು ಹೋಗುವುದಿಲ್ಲ. ಕೂಡಿದ ಮೇಲೆ ಮೂತ್ರ ಮಾಡಿ, ಹೊರಭಾಗವನ್ನು ಬರಿ ನೀರಿನಿಂದ ತೊಳೆದರೆ ಆರೋಗ್ಯದ ದೃಷ್ಟಿಯಿಂದ ಸಾಕು. ಎರಡು ಚೊಂಬು ನೀರು. ಪಂಪ್ ಹಾಕುವಷ್ಟಲ್ಲ.

ಉಳಿದದ್ದನ್ನು ರಾತ್ರಿ ಬರೆಯುತ್ತೇನೆ.

ಉಳ್ಳಾಲದ ಅಲೆ

ನಾನು ಬ್ಯಾರಿ ಮನೆಯವಳು. ನಮ್ಮಲ್ಲಿ ಕೂಡಿದ ಮೇಲೆ ಸ್ನಾನ ಕಡ್ಡಾಯ. ಗುಸ್ಲ್ ಮಾಡದೆ ನಮಾಜ್ ಇಲ್ಲ. ಹಾಗಿದ್ದರೂ ನನಗೆ ಅದು ಎಂದೂ ಕೊಳೆ ತೊಳೆಯುವ ಕೆಲಸ ಅನ್ನಿಸಿದ್ದಿಲ್ಲ. ಏಕೆಂದು ಗುಬ್ಬಚ್ಚಿಯ ಬರಹ ಓದುತ್ತಾ ಯೋಚಿಸಿದೆ.

ಮದುವೆಗೆ ಮುಂಚೆ ನನ್ನ ದೊಡ್ಡಮ್ಮ ಒಂದು ಹದೀಸ್ ಹೇಳಿದ್ದರು. ಅಬೂ ಹುರೈರಾ ಎಂಬವರು ಸ್ನಾನ ಆಗಬೇಕಾದ ಸ್ಥಿತಿಯಲ್ಲಿದ್ದಾಗ ದಾರಿಯಲ್ಲಿ ಪ್ರವಾದಿಯವರು ಎದುರಾದರಂತೆ. ಇವರು ಸಂಕೋಚದಿಂದ ಜಾರಿಕೊಂಡು ಹೋಗಿ ಸ್ನಾನ ಮಾಡಿ ಬಂದರು. ಎಲ್ಲಿ ಹೋಗಿದ್ದೆ ಎಂದು ಕೇಳಿದಾಗ ಕಾರಣ ಹೇಳಿದರು. ಅದಕ್ಕೆ ಪ್ರವಾದಿಯವರ ಉತ್ತರ, ವಿಶ್ವಾಸಿಯು ಅಶುದ್ಧನಾಗುವುದಿಲ್ಲ ಎಂದು. ಸ್ನಾನ ಪ್ರಾರ್ಥನೆಗೆ ಬೇಕಾದದ್ದು, ಮನುಷ್ಯ ಹೊಲಸಾದ ಎಂದಲ್ಲ. ಬೆಳಗಿನ ಸುಬಹ್ ನಮಾಜಿಗೆ ಮೊದಲು ಆದರೆ ಸಾಕು. ರಾತ್ರಿ ನಾವು ನೆಮ್ಮದಿಯಾಗಿ ಮಲಗುತ್ತೇವೆ.

ನಿಮ್ಮದು ನಿಯಮವೋ ಶಿಕ್ಷೆಯೋ, ನೋಡಿ. ನಿಯಮಕ್ಕೆ ಒಂದು ಕೊನೆ ಇರುತ್ತದೆ, ಮಾಡಿದರೆ ಮುಗಿಯಿತು. ನಿಮ್ಮದು 40 ನಿಮಿಷವಾದರೂ ಮುಗಿಯುವುದಿಲ್ಲ.

ನಿವೃತ್ತ ಮೇಷ್ಟ್ರು, ಮೂಲ್ಕಿ

ಈ ತಾಯಿ ಹೇಳಿದ್ದು ಸರಿ, ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ನಡೆದು ಬಂದದ್ದೂ ಬೆಳಿಗ್ಗೆ ಪೂಜೆಗೆ ಮೊದಲು ಸ್ನಾನ. ರಾತ್ರಿ ಒಂದು ಗಂಟೆಗೆ ಎಂದು ಯಾರೂ ಹೇಳಿದ್ದಿಲ್ಲ. ಆದರೂ ನಂಜುನಾಶಕ ಯಾವ ಶಾಸ್ತ್ರದಲ್ಲಿದೆ ಎಂದು ನನಗೆ ತಿಳಿಯಲಿಲ್ಲ.

ಬೆಂದೂರಿನ ಗಂಟೆ

ನಾನು ಕಥೊಲಿಕ, ಗಂಡಸು, 41 ವರ್ಷ. ನಮ್ಮದು ಬಚ್ಚಲಲ್ಲ, ಪಾಪನಿವೇದನೆಯ ಪೀಠ. 13ನೆಯ ವಯಸ್ಸಿನಿಂದ ಕೆಟ್ಟ ಯೋಚನೆ ಎಷ್ಟು ಬಾರಿ ಬಂತು ಎಂದು ಕ್ಯಾಲೆಂಡರಿನ ಹಿಂದೆ ಗೀಟು ಹಾಕುತ್ತಿದ್ದೆ. ಶನಿವಾರ ನಿವೇದನೆ ಮಾಡಿ ಹೊರಗೆ ಬಂದರೆ ಗೇಟು ದಾಟುವುದರೊಳಗೆ ಅನುಮಾನ ಶುರು, ಒಂದನ್ನು ಹೇಳಲು ಮರೆತೆನೇ ಎಂದು. ಮತ್ತೆ ಸಾಲಿನಲ್ಲಿ ನಿಲ್ಲುತ್ತಿದ್ದೆ.

ಬಿಡಿಸಿದವರು ಒಬ್ಬ ವಯಸ್ಸಾದ ಜೆಸ್ವಿತ್ ಗುರುಗಳು. ತಮ್ಮ ಸಭೆಯ ಸ್ಥಾಪಕನ ಕಥೆಯನ್ನು ಅವರೇ ಹೇಳಿದರು. ಇಗ್ನೇಷಿಯಸ್ ಲೊಯೋಲನಿಗೂ ಮನ್ರೇಸಾ ಎಂಬ ಊರಿನಲ್ಲಿದ್ದಾಗ ಇದೇ ಕಾಟವಿತ್ತಂತೆ. ಹೇಳಿದ ಪಾಪವನ್ನೇ ಮತ್ತೆ ಮತ್ತೆ ಹೇಳಬೇಕು ಅನ್ನಿಸುವುದು, ಎಷ್ಟು ಹೇಳಿದರೂ ಸಮಾಧಾನವಿಲ್ಲದಿರುವುದು. ಕೊನೆಗೆ ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲ ಎಂದು ನಿರ್ಧರಿಸಿದ ಮೇಲೆಯೇ ಅವನು ಬಿಡುಗಡೆ ಕಂಡದ್ದು. ನನಗೆ ಅವರು ಕೊಟ್ಟ ಪ್ರಾಯಶ್ಚಿತ್ತ ವಿಚಿತ್ರವಾಗಿತ್ತು. ಎರಡು ತಿಂಗಳು ಈ ವಿಷಯವನ್ನು ನಿವೇದನೆಯಲ್ಲಿ ಹೇಳಕೂಡದು, ಗೀಟೂ ಹಾಕಕೂಡದು. ಮೊದಲ ಮೂರು ವಾರ ನರಕ. ಆಮೇಲೆ ಒಂದು ದಿನ ಗೀಟಿನ ನೆನಪೇ ಬರಲಿಲ್ಲ.

ದೇವರನ್ನು ಬಿಡಲಿಲ್ಲ. ಲೆಕ್ಕ ಬಿಟ್ಟೆ.

ಚಾರ್ವಾಕ 77

ಮೊದಲು ಗಾಯ ಮಾಡಿ, ಆಮೇಲೆ ಮುಲಾಮು ಹಚ್ಚುವುದು. ಅದೇ ಅಂಗಡಿ.

ಬೆಂದೂರಿನ ಗಂಟೆ

ಇರಬಹುದು. ಆದರೆ ಮುಲಾಮು ಕೆಲಸ ಮಾಡಿತು.

ಕಾಪು ದೀಪಸ್ತಂಭ

ಗಂಟೆಯವರ ಗುರುಗಳು ಮಾಡಿಸಿದ್ದನ್ನೇ ಗುಬ್ಬಚ್ಚಿಯೂ ಮಾಡಬೇಕು. ನಾಚಿಕೆಯನ್ನು ವಾದದಲ್ಲಿ ಸೋಲಿಸಲಾಗುವುದಿಲ್ಲ. ನಾಚಿಕೆ ಬಂದ ಮೇಲೆ ನಾವು ಏನು ಮಾಡುತ್ತೇವೋ ಅದನ್ನು ತಡಮಾಡಬಹುದು. ಓಡಿಹೋಗಿ ನೀರು ಹಾಕಿಕೊಂಡ ಕೂಡಲೇ ಸ್ವಲ್ಪ ಹಗುರವಾಗುತ್ತದಲ್ಲ, ಆ ಹಗುರವೇ ಬಲೆ. ನೀರಿಲ್ಲದಿದ್ದರೆ ಸತ್ತೇಹೋಗುತ್ತಿದ್ದೆ ಎಂದು ಮೈ ಕಲಿತುಕೊಳ್ಳುತ್ತದೆ. ತಾನಾಗಿಯೇ ಇಳಿಯುತ್ತಿತ್ತು ಎಂಬುದನ್ನು ನೋಡಲು ಅದಕ್ಕೆ ಅವಕಾಶವೇ ಸಿಕ್ಕಿಲ್ಲ.

ಹೀಗೆ ಮಾಡಿ. ಮೊದಲ ವಾರ ಸ್ನಾನ ಬಿಡಬೇಡಿ, 10 ನಿಮಿಷ ತಡಮಾಡಿ. ಮಲಗಿದಲ್ಲೇ ಇರಿ. ಹೇಸಿಗೆ ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರೊಳಗೆ ಮನಸ್ಸಿನಲ್ಲೇ ಒಂದು ಸಂಖ್ಯೆ ಕೊಡಿ. ಐದು ನಿಮಿಷಕ್ಕೊಮ್ಮೆ ಮತ್ತೆ ನೋಡಿ. ಮುಂದಿನ ವಾರ 20 ನಿಮಿಷ, ಆಮೇಲೆ 40. ಅಷ್ಟು ಹೊತ್ತು ಕಾಯಲು ಸಾಧ್ಯವಾದ ಮೇಲೆ ಎರಡು ಚೊಂಬು ನೀರು ಮಾತ್ರ, ತಲೆಸ್ನಾನ ಬೆಳಿಗ್ಗೆ ಪೂಜೆಗೆ ಮೊದಲು, ಮೇಷ್ಟ್ರು ಹೇಳಿದಂತೆ. ಸಂಖ್ಯೆ ಮೊದಲು ಏರಬಹುದು, ಅದು ಕೆಟ್ಟ ಲಕ್ಷಣವಲ್ಲ.

ಎಡವುವುದು ಎಲ್ಲಿ ಎಂದರೆ, ನೀರಿನ ಬದಲು ಬೇರೆ ಏನನ್ನಾದರೂ ಹಿಡಿದುಕೊಳ್ಳುವಾಗ. ಕಾಯುವ ಹೊತ್ತಿನಲ್ಲಿ ಸ್ತೋತ್ರ ಹೇಳಿದರೆ ಅದೂ ಸ್ನಾನವೇ, ಬಾಯಿಂದ ಮಾಡಿದ್ದು. ಸ್ತೋತ್ರವನ್ನು ಸಂಜೆ ದೀಪ ಹಚ್ಚುವಾಗ ಎಷ್ಟು ಬೇಕಾದರೂ ಹೇಳಿ. ಹಾಗೆಯೇ ಗಂಡನನ್ನು, "ನಾನು ಕೆಟ್ಟವಳೇ?" ಎಂದು ಪದೇಪದೇ ಕೇಳುವುದು. ಅವರು ಪ್ರೀತಿಯಿಂದ ಇಲ್ಲ ಎನ್ನುತ್ತಾರೆ, ಹತ್ತು ನಿಮಿಷ ಸಮಾಧಾನ, ಮತ್ತೆ ಕೇಳಬೇಕು. ಅವರಿಗೆ ಮೊದಲೇ ಹೇಳಿಡಿ, ಆ ಪ್ರಶ್ನೆಗೆ ಉತ್ತರ ಕೊಡಬೇಡಿ, ಕೈ ಹಿಡಿದುಕೊಂಡಿರಿ ಎಂದು. ಹಾಸಿಗೆ ಬಟ್ಟೆಯ ಮೇಲೂ ಕಣ್ಣಿಡಿ. ತೊಳೆಯುವುದು ಹೊಸ ವಸ್ತುಗಳಿಗೆ ಹರಡುತ್ತಿದ್ದರೆ, ಎರಡು ತಿಂಗಳಾದರೂ ಸಂಖ್ಯೆ ಇಳಿಯದಿದ್ದರೆ, ಅದು ಬರಿ ನಾಚಿಕೆಯಲ್ಲ, ಗೀಳಿನ ಕಾಯಿಲೆ ಇರಬಹುದು. ಅದಕ್ಕೆ ಮನೋವೈದ್ಯರೇ ಬೇಕು, ಚಿಕಿತ್ಸೆಯೂ ಇದೆ.

ಇವತ್ತಿನಿಂದಲೇ ಕೂಡಿ ಎಂದು ನಾನು ಹೇಳುತ್ತಿಲ್ಲ. ಮೊದಲು ಎರಡು ಮೂರು ವಾರ ಸಂಭೋಗ ಪೂರ್ತಿ ನಿಷಿದ್ಧ.

ಬಜ್ಪೆ ಬಸ್ಸು

ಇದು ಒಳ್ಳೆಯದಾಯಿತು! ಸಹಾಯ ಕೇಳಿದವರಿಗೆ ಇದ್ದದ್ದೂ ನಿಷಿದ್ಧ.

ಕಾಪು ದೀಪಸ್ತಂಭ

ನಗಬೇಡಿ, ಕಾರಣವಿದೆ. 1970ರಲ್ಲಿ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ಇಬ್ಬರು ಬರೆದಿಟ್ಟ ಕ್ರಮ ಇದು, ಈಗಲೂ ಬಳಕೆಯಲ್ಲಿದೆ. ಪ್ರತಿ ಸ್ಪರ್ಶವೂ ಕೊನೆಗೆ ಅಲ್ಲಿಗೇ ಹೋಗುತ್ತದೆ ಎಂದು ಗೊತ್ತಿದ್ದರೆ, ಹೆದರಿದ ಮೈ ಮೊದಲ ಸ್ಪರ್ಶಕ್ಕೇ ಬಾಗಿಲು ಹಾಕುತ್ತದೆ. ಗುಬ್ಬಚ್ಚಿ ನಿದ್ದೆ ನಟಿಸುತ್ತಿರುವುದು ಅದಕ್ಕೇ. ಇವತ್ತು ಅಲ್ಲಿಗೆ ಹೋಗುವುದೇ ಇಲ್ಲ ಎಂದು ಇಬ್ಬರೂ ಒಪ್ಪಿಕೊಂಡರೆ ಬಾಗಿಲು ತೆರೆದೇ ಇರುತ್ತದೆ.

ವಾರಕ್ಕೆ ಎರಡು ಸಲ, ಒಬ್ಬರಿಗೆ 15 ನಿಮಿಷ. ಕೈ, ತೋಳು, ಬೆನ್ನು, ತಲೆ, ಪಾದ. ಎದೆ, ಜನನಾಂಗ ಇಲ್ಲ. ಮುಟ್ಟುವವರು ಇನ್ನೊಬ್ಬರನ್ನು ಮೆಚ್ಚಿಸಲು ಮುಟ್ಟಬಾರದು. ಇಲ್ಲಿ ಚರ್ಮ ಒರಟು, ಇಲ್ಲಿ ಬೆಚ್ಚಗೆ ಎಂದು ತಮಗಾಗಿ ಗಮನಿಸಬೇಕು. ಮುಟ್ಟಿಸಿಕೊಳ್ಳುವವರ ಕೆಲಸ ಒಂದೇ, ಕಿರಿಕಿರಿಯಾದರೆ ಹೇಳುವುದು. ಉದ್ರೇಕವಾಯಿತೇ ಎಂದು ಪರೀಕ್ಷಿಸಬೇಡಿ, ಆದರೂ ಸರಿ, ಆಗದಿದ್ದರೂ ಸರಿ. ಎರಡು ಮೂರು ಸಲ ಗಾಬರಿಯಿಲ್ಲದೆ ಮುಗಿದರೆ ಮಾತ್ರ ಮುಂದಿನ ಹಂತದಲ್ಲಿ ಉಳಿದ ಅಂಗಗಳು. ಸಂಭೋಗ ಕೊನೆಗೆ. ಹೆಚ್ಚಿನ ದಂಪತಿಗಳು ಕೆಡಿಸಿಕೊಳ್ಳುವುದು ಮೊದಲ ವಾರವೇ ಉತ್ಸಾಹದಿಂದ ನಿಷೇಧ ಮುರಿದು. ಆಗ ಹೆದರಿದವರ ನಂಬಿಕೆ ಹೋಗುತ್ತದೆ.

ಗಂಡ ಒತ್ತಾಯ ಮಾಡುವವನಾದರೆ ಇದಾವುದೂ ಅನ್ವಯಿಸದು. ಅಲ್ಲಿ ಮೈ ಹೆದರುವುದು ಸರಿಯಾದ ಕಾರಣಕ್ಕೆ.

ಮೂಡುಬೆಳ್ಳೆಯ ಚಾಲಕ

ನನ್ನ ಹೆಂಡತಿಗೂ ಹೀಗೇ ಇತ್ತು. ನಾನು ವರ್ಷಗಟ್ಟಲೆ ಆಕ್ಸಿಲರೇಟರ್ ತುಳಿದೆ, ಹೂವು, ಸೀರೆ, ಊಟಿ. ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು. ಆಗುಂಬೆ ಘಾಟಿಯಲ್ಲಿ ಹಾಗೆ ಗಾಡಿ ಓಡಿಸಿದರೆ ಎಂಥ ವಾಸನೆ ಬರುತ್ತದೆ ಎಂದು ಗೊತ್ತಲ್ಲ, ಮನೆಯಲ್ಲೂ ಅದೇ ವಾಸನೆ ಬಂತು.

ಎರಡು ಮಕ್ಕಳ ಅಮ್ಮ

ನನ್ನದು ಬೇರೆ ಪ್ರಶ್ನೆ. ಮಗಳಿಗೆ 11 ವರ್ಷ. ಇದೇ ಅವಳಿಗೂ ಆಗಬಾರದು. ಎಲ್ಲಿಂದ ಶುರು ಮಾಡಲಿ? ನನ್ನ ಅಮ್ಮ ನನಗೆ ಹೇಳಿದ್ದು ಒಂದೇ ವಾಕ್ಯ, "ಜಾಗ್ರತೆ." ಏನಕ್ಕೆ ಜಾಗ್ರತೆ ಎಂದು ಗೊತ್ತಾಗಲು ಹತ್ತು ವರ್ಷ ಬೇಕಾಯಿತು.

ಉಳ್ಳಾಲದ ಅಲೆ

ಅಂಗಗಳ ಹೆಸರಿನಿಂದ ಶುರು ಮಾಡಿ. ನಮ್ಮ ಮನೆಯಲ್ಲಿ ಅದಕ್ಕೆ "ಅಲ್ಲಿ" ಎಂದೇ ಹೆಸರಿತ್ತು. ಅಲ್ಲಿ ತುರಿಸಬೇಡ, ಅಲ್ಲಿ ಮುಚ್ಚಿಕೋ. ಹೆಸರಿಲ್ಲದ ಜಾಗಕ್ಕೆ ಭೂತ ಬೇಗ ಸೇರುತ್ತದೆ.

ನಿವೃತ್ತ ಮೇಷ್ಟ್ರು, ಮೂಲ್ಕಿ

ನಮ್ಮೂರಲ್ಲಿ ಎಷ್ಟು ವಿಚಿತ್ರ ನೋಡಿ. ಯಕ್ಷಗಾನದಲ್ಲಿ ಶೃಂಗಾರದ ಪ್ರಸಂಗ ಬಂದರೆ ಅಜ್ಜಿ, ಸೊಸೆ, ಮೊಮ್ಮಕ್ಕಳು ಒಂದೇ ಚಾಪೆಯಲ್ಲಿ ಕುಳಿತು ಬೆಳಗಿನವರೆಗೆ ನೋಡುತ್ತಾರೆ. ಸ್ತ್ರೀವೇಷ ಚೆನ್ನಾಗಿ ಮಾಡಿದರೆ ಅಜ್ಜಿಯೇ ತಲೆದೂಗುತ್ತಾಳೆ. ಮನೆಗೆ ಬಂದ ಮೇಲೆ ಆ ಮಾತೇ ಇಲ್ಲ. ಬಣ್ಣ ಹಚ್ಚಿದವರಿಗೆ ಮಾತ್ರ ಆಸೆ ಇರಬಹುದು.

ಕುಂದಾಪುರದ ಕೋಳಿಪಡೆ

ಮೊದಲು ಓದದೆ ಬರೆದೆ, ಕ್ಷಮಿಸಿ. ಆದರೆ ಗಂಟೆಯವರ ಗೀಟಿನ ಕಥೆ ಓದಿ ನಿದ್ದೆ ಬರಲಿಲ್ಲ. ನನಗೆ 34. ಶಾಲೆಯಲ್ಲಿದ್ದಾಗ ಒಬ್ಬ ಸ್ವಾಮಿಗಳ ಭಾಷಣದಲ್ಲಿ ಕೇಳಿದ್ದು, ನೂರು ಹನಿ ರಕ್ತದಿಂದ ಒಂದು ಹನಿ ವೀರ್ಯ ಎಂದು. ಅಂದಿನಿಂದ ಸ್ವಪ್ನಸ್ಖಲನವಾದ ಬೆಳಿಗ್ಗೆ ಕೈಕಾಲು ಸೋಲುತ್ತದೆ, ಮೂತ್ರ ಬಿಳಿಯಾಗಿ ಹೋಗುತ್ತದೆ. ಏಳು ವರ್ಷದಿಂದ ಲೇಹ್ಯ ತಿನ್ನುತ್ತಿದ್ದೇನೆ. ಮದುವೆಯ ಮಾತು ಬಂದರೆ ಮುಂದೂಡುತ್ತೇನೆ. ಇದೂ ನಾಚಿಕೆಯೇ? ನನಗೆ ದೌರ್ಬಲ್ಯ ನಿಜವಾಗಿಯೂ ಇದೆಯಲ್ಲ.

ಕಾಪು ದೀಪಸ್ತಂಭ

ತಮ್ಮಾ, ಸುಸ್ತು ನಿಜ, ಅದಕ್ಕೆ ಕೊಟ್ಟ ಕಾರಣ ಸುಳ್ಳು. ವೀರ್ಯ ರಕ್ತದಿಂದ ಬಸಿದು ಬರುವುದಲ್ಲ. ಅದರ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವ. ಒಂದು ಸಲಕ್ಕೆ ಹೋಗುವುದು ಒಂದು ಚಮಚದಷ್ಟೂ ಇರಬಹುದು, ಅದಕ್ಕಿಂತ ಕಡಿಮೆಯೂ ಇರಬಹುದು, ಮೈ ಅದನ್ನು ಮತ್ತೆ ತಯಾರಿಸುತ್ತಲೇ ಇರುತ್ತದೆ. ಬಿಳಿ ಮೂತ್ರ ಅನೇಕ ಸಲ ಫಾಸ್ಫೇಟ್ ಲವಣದಿಂದ, ಒಂದು ಮೂತ್ರ ಪರೀಕ್ಷೆಯಲ್ಲಿ ತಿಳಿಯುತ್ತದೆ. ಇದು ನಮ್ಮ ದೇಶದ ಗಂಡಸರಲ್ಲಿ ಎಷ್ಟು ಸಾಮಾನ್ಯ ಎಂದರೆ, 1960ರಲ್ಲಿಯೇ ಡಾ. ಎನ್. ಎನ್. ವಿಗ್ ಎಂಬ ಮನೋವೈದ್ಯರು ಇದಕ್ಕೆ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಧಾತು ಎಂಬ ನಿಮ್ಮ ಮಾತೇ ಅದು. ಆಗಾಗ ಒಳಗೆ ಇರುವುದು ಖಿನ್ನತೆ ಅಥವಾ ಆತಂಕ. ಅದಕ್ಕೆ ಚಿಕಿತ್ಸೆ ಆದರೆ ಸುಸ್ತೂ ಹೋಗುತ್ತದೆ. ರಕ್ತಹೀನತೆ, ಥೈರಾಯ್ಡ್ ಒಮ್ಮೆ ನೋಡಿಸಿಬಿಡಿ. ಲೇಹ್ಯವನ್ನು ಹುಡುಗಿಯರಿಗೆ ಮಾರಬೇಡಿ.

ಚಾರ್ವಾಕ 77

ಏಳು ವರ್ಷ, ಡಬ್ಬಿಗೆ 2,400. ನಾಚಿಕೆಗೆ ಇಷ್ಟು ಒಳ್ಳೆಯ ಮಾರುಕಟ್ಟೆ ಬೇರೆ ಇಲ್ಲ.

ಕುಂದಾಪುರದ ಕೋಳಿಪಡೆ

ಲೆಕ್ಕ ಹಾಕಬೇಡಿ ಅಣ್ಣ, ದಯವಿಟ್ಟು.

ಕಲ್ಸಂಕದ ಗುಬ್ಬಚ್ಚಿ (ಒಂಬತ್ತು ವಾರಗಳ ನಂತರ)

ಕೇಳಿದವರಿಗೆಲ್ಲ ವರದಿ.

ವೈದ್ಯೆ ಸೋಂಕು ಇದೆ ಎಂದರು, ಏಳು ದಿನದ ಮಾತ್ರೆ ಕೊಟ್ಟರು. ಬಾಟಲಿ ಬಿಟ್ಟು ಮೂರು ವಾರವಾಗುವಾಗ ವಾಸನೆ ಹೋಯಿತು. ಅದು ನನ್ನ ಸ್ವಭಾವದ ವಾಸನೆ ಎಂದುಕೊಂಡಿದ್ದೆ, ಬಾಟಲಿಯದಾಗಿತ್ತು.

ಗಂಡನಿಗೆ ಹೇಳಿದ್ದು ಬಾಯಲ್ಲಿ ಅಲ್ಲ, ಈ ಚರ್ಚೆಯನ್ನೇ ಮೊಬೈಲಿನಲ್ಲಿ ತೆರೆದು ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಟ್ಟೆ. ಅವರು ಬಂದು, "ಪಂಪ್ ನೀನೇ?" ಎಂದು ಮಾತ್ರ ಕೇಳಿದರು. ಇಬ್ಬರೂ ನಕ್ಕೆವು. ಅತ್ತೆ ಮಾವ ಭಾನುವಾರ ಸಂಜೆ ಭಜನೆಗೆ ಹೋಗುವ ಹೊತ್ತನ್ನು ಮುಟ್ಟುವ ಅಭ್ಯಾಸಕ್ಕೆ ಇಟ್ಟುಕೊಂಡೆವು. ಹೊರಗೆ ಆಟಿಯ ಮಳೆ, ಒಳಗೆ ನಾವು ಪರೀಕ್ಷೆಗೆ ಓದುವವರಂತೆ ಗಡಿಯಾರ ನೋಡಿಕೊಂಡು. ಬೆಳಕು ಬೇಡವೆಂದೆ, ಮೊದಲ ಎರಡು ಸಲ ಪಡಸಾಲೆಯ ದೀಪ ಮಾತ್ರ. ಎರಡನೆಯ ವಾರ ನಿಷೇಧ ಮುರಿಯುವುದರಲ್ಲಿದ್ದವಳು ನಾನು, ತಡೆದವರು ಅವರು. ಇದನ್ನು ಬರೆಯುವಾಗಲೂ ಕೆನ್ನೆ ಬಿಸಿಯಾಗುತ್ತಿದೆ, ಆದರೆ ಇದು ಆ ನಾಚಿಕೆಯಲ್ಲ.

ತಡಮಾಡುವ ಲೆಕ್ಕ: ಮೊದಲ ರಾತ್ರಿ 10 ನಿಮಿಷ, ಶುರುವಿನಲ್ಲಿ ಸಂಖ್ಯೆ 8, ಮುಗಿಯುವಾಗ 9. ಅತ್ತೆ. ಅಂದರೆ ಅಳು ಬಂತು, ಅತ್ತೆ ಬಂದದ್ದಲ್ಲ. ಮೂರನೆಯ ರಾತ್ರಿ 20 ನಿಮಿಷಕ್ಕೆ 8ರಿಂದ 6. ಐದನೆಯ ಸಲ ಕಾಯುತ್ತಾ ನಿದ್ದೆಯೇ ಬಂದುಬಿಟ್ಟಿತು, ಎಚ್ಚರವಾದಾಗ ಬೆಳಿಗ್ಗೆ ಐದೂವರೆ. ಆಮೇಲೆ ಒಂದು ಸಲ ಏಕಾದಶಿಯ ಹಿಂದಿನ ದಿನ ಮತ್ತೆ ಪೂರ್ತಿ ಜಾರಿದೆ, 40 ನಿಮಿಷದ ಸ್ನಾನ. ಈಗ ಹೆಚ್ಚಿನ ಸಲ ಎರಡು ಚೊಂಬು ಸಾಕಾಗುತ್ತದೆ, ಸಂಖ್ಯೆ 3 ಅಥವಾ 4. ಸೊನ್ನೆ ಎಂದೂ ಆಗಿಲ್ಲ.

ಇನ್ನೊಂದು. ಕಾಯುವಾಗ ತಲೆಯೊಳಗೆ ಕೇಳುತ್ತಿದ್ದ ಮಾತು ಅಜ್ಜಿಯದೆಂದು ಇಷ್ಟು ವರ್ಷ ನಂಬಿದ್ದೆ. ಮಾತನ್ನು ಯಾರು, ಯಾವಾಗ ಹೇಳಿದರು ಎಂದು ಒಂದು ಹಾಳೆಯಲ್ಲಿ ಬರೆಯಲು ಕುಳಿತಾಗ ಬೇರೆಯೇ ಬಂತು. ಅಜ್ಜಿ ಈ ವಿಷಯದಲ್ಲಿ ನನಗೆ ಏನನ್ನೂ ಹೇಳಿಯೇ ಇಲ್ಲ. ನನಗೆ 14 ಇದ್ದಾಗ ಒಂದು ವಾರಪತ್ರಿಕೆಯ ಪ್ರಶ್ನೋತ್ತರದ ಪುಟ ಓದುತ್ತಿದ್ದದ್ದನ್ನು ಚಿಕ್ಕಮ್ಮ ನೋಡಿ ಕೆನ್ನೆಗೆ ಹೊಡೆದು, "ಮನೆತನಸ್ಥ ಹೆಣ್ಣುಮಕ್ಕಳಿಗೆ ಇಂಥದ್ದು ಇರುವುದಿಲ್ಲ, ಹೋಗಿ ಸ್ನಾನ ಮಾಡು" ಎಂದಿದ್ದಳು. ಸ್ನಾನ ಅಲ್ಲಿಂದ ಬಂದದ್ದು. ಶಾಸ್ತ್ರದಿಂದಲ್ಲ, ವಿಕ್ಟೋರಿಯಾಳಿಂದಲೂ ಅಲ್ಲ.

ಚಾರ್ವಾಕ 77

ಚಿಕ್ಕಮ್ಮನಿಗೆ ಹೇಳಿಕೊಟ್ಟವರು ಯಾರು?

ನಿವೃತ್ತ ಮೇಷ್ಟ್ರು, ಮೂಲ್ಕಿ

ಅದನ್ನು ಕೇಳುತ್ತಾ ಹೋದರೆ ನಾವಿಬ್ಬರೂ ಮತ್ತೆ ಜಗಳಕ್ಕೆ ನಿಲ್ಲುತ್ತೇವೆ. ನಾನು ಸಿದ್ಧ.

ಎರಡು ಮಕ್ಕಳ ಅಮ್ಮ

ಚಿಕ್ಕಮ್ಮನ ಹತ್ತಿರ ಮಾತಾಡುತ್ತೀಯಾ ತಂಗಿ?

ಕಲ್ಸಂಕದ ಗುಬ್ಬಚ್ಚಿ

ಗೊತ್ತಿಲ್ಲ ಅಕ್ಕ. ಚೌತಿಗೆ ಬರುತ್ತಾಳೆ. ಅವಳು ಚಿಕ್ಕಪ್ಪನ ಜೊತೆ ಒಂದೇ ಕೋಣೆಯಲ್ಲಿ ಮಲಗಿದ್ದನ್ನು ನಾನು ನೋಡಿದ್ದೇ ಇಲ್ಲ ಎಂದು ಈಗ ಹೊಳೆಯುತ್ತಿದೆ. ಸಿಟ್ಟು ಪೂರ್ತಿ ಮಾಡಿಕೊಳ್ಳಲೂ ಆಗುತ್ತಿಲ್ಲ.

ಕುಂದಾಪುರದ ಕೋಳಿಪಡೆ

ಮೂತ್ರ ಪರೀಕ್ಷೆಯಲ್ಲಿ ಫಾಸ್ಫೇಟ್ ಎಂದೇ ಬಂತು. ಹಿಮೋಗ್ಲೋಬಿನ್ ಸರಿ ಇದೆ. ಮನೋವೈದ್ಯರ ಬಳಿ ಹೋಗಲು ಇನ್ನೂ ಧೈರ್ಯ ಬಂದಿಲ್ಲ. ಎರಡು ಡಬ್ಬಿ ಲೇಹ್ಯ ಉಳಿದಿದೆ, ಏನು ಮಾಡಲಿ?

ಮೂಡುಬೆಳ್ಳೆಯ ಚಾಲಕ

ತೆಂಗಿನ ಬುಡಕ್ಕೆ ಹಾಕಿ. ಫಸಲು ಬಂದರೆ ಇಲ್ಲಿ ತಿಳಿಸಿ.

ಬಜ್ಪೆ ಬಸ್ಸು

ಮಾವ ಮತ್ತೆ ಏನಾದರೂ ಕೇಳಿದರೇ?

ಕಲ್ಸಂಕದ ಗುಬ್ಬಚ್ಚಿ

ಪಂಪ್ ಈಗ ನಿಜವಾಗಿಯೂ ಕೆಟ್ಟು ರಿಪೇರಿಗೆ ಹೋಗಿದೆ. ರಾತ್ರಿ ಯಾರೋ ಹಾಕಿ ಹಾಕಿ ಮೋಟಾರ್ ಸುಟ್ಟಿದೆ ಎಂದು ಮಾವ ಎಲ್ಲರಿಗೂ ಹೇಳುತ್ತಿದ್ದಾರೆ. ನಾನು ಬಾಯಿ ಬಿಟ್ಟಿಲ್ಲ.